ಕ್ರಿಯಾ ಸಂಶೋಧನೆಯ ಪ್ರಸ್ತಾವನೆ: 9ನೇ ತರಗತಿಯಲ್ಲಿ ತಡವಾಗಿ ಬರುವುದನ್ನು ಕಡಿಮೆ ಮಾಡುವುದು

ನನ್ನ ತರಗತಿಯ 38 ಮಕ್ಕಳಲ್ಲಿ ಏಳೆಂಟು ಮಂದಿ ದಿನಾ ತಡ. ಬೋರ್ಡಿನ ಮೇಲೆ ಲೆಕ್ಕ ಅರ್ಧಕ್ಕೆ ಬಂದಾಗ ಬಾಗಿಲಲ್ಲಿ ‘ಒಳಗೆ ಬರಲಾ ಸಾರ್’. ಹೊರಗೆ ನಿಲ್ಲಿಸಿಯೂ ನೋಡಿದೆ, ಪಾಠ ಇನ್ನೂ ಜಾಸ್ತಿ ತಪ್ಪಿತು ಅಷ್ಟೇ.

ಪ್ರಶ್ನೆ: ಮೊದಲ 5 ನಿಮಿಷಕ್ಕೆ ಒಗಟಿನಂಥ ಲೆಕ್ಕ ಕೊಟ್ಟು, ತಡವಾದವರ ಜೊತೆ ಒಬ್ಬೊಬ್ಬರಾಗಿ ಮಾತಾಡಿದರೆ ತಡ ಕಡಿಮೆಯಾಗುತ್ತದಾ?

ಮೊದಲ 2 ವಾರ ಏನನ್ನೂ ಬದಲಿಸದೆ ಯಾರು ಎಷ್ಟು ನಿಮಿಷ ತಡ, ಯಾಕೆ ಅಂತ ಬರೆದಿಡುತ್ತೇನೆ. ಬಸ್ಸೋ, ಮನೆಕೆಲಸವೋ, ಸುಮ್ನೆ ಗೇಟಿನ ಹತ್ತಿರ ಹರಟೆಯೋ ಗೊತ್ತಾಗದೆ ಮದ್ದು ಹುಡುಕುವುದು ಹೇಗೆ, ಅಲ್ವಾ? ಆಮೇಲೆ 6 ವಾರ ಪ್ರಯೋಗ. ನಡುವೆ ಒಮ್ಮೆ ಪಟ್ಟಿ ನೋಡಿ, ಫಲ ಕೊಡದ್ದನ್ನು ಬದಲಿಸುತ್ತೇನೆ. ಕೊನೆಗೆ ಮೊದಲ 2 ವಾರದ ಜೊತೆ ಹೋಲಿಕೆ.

ಪೋಷಕರ ಒಪ್ಪಿಗೆ ಪಡೆಯುತ್ತೇನೆ, ವರದಿಯಲ್ಲಿ ಮಕ್ಕಳ ಹೆಸರು ಇರುವುದಿಲ್ಲ. ಖರ್ಚು: ಒಂದು ನೋಟ್‌ಬುಕ್.