ಸದಿಶಗಳು: ಸಂಕಲನ, ಬಿಂದು ಗುಣಲಬ್ಧ, ನಡುವಿನ ಕೋನ (ಅಭ್ಯಾಸ ಹಾಳೆ)

ದ್ವಿತೀಯ ಪಿಯುಸಿ, ಗಣಿತ. ಗಂಗಾವತಿ ಸಂಜೆ ತರಗತಿ.
ಸಮಯ: 50 ನಿಮಿಷ. ಅಂಕ: 20. ಕ್ಯಾಲ್ಕುಲೇಟರ್ ಬೇಡ; √3 = 1.732 ಎಂದು ತೆಗೆದುಕೊಳ್ಳಿ. ಕೋನ ನೋಡಲು ಕೊಸೈನ್ ಕೋಷ್ಟಕ ಬಳಸಬಹುದು.

ಪ್ರತಿ ಉತ್ತರವನ್ನೂ ಎರಡು ದಾರಿಯಲ್ಲಿ ತೆಗೆಯಬೇಕು. ಎರಡೂ ತಾಳೆಯಾದರೆ ಮಾತ್ರ ಪೂರ್ತಿ ಅಂಕ. ಕೈಬರಹದಲ್ಲಿ ಸದಿಶದ ಮೇಲೆ ಬಾಣದ ಗುರುತು ತಪ್ಪದೆ ಹಾಕಿ. ಹಾಕದೆ ಹೋದರೆ ಅರ್ಧ ಲೆಕ್ಕಕ್ಕೆ ಬರುವಷ್ಟರಲ್ಲಿ a ಸದಿಶವೋ ಅದರ ಪರಿಮಾಣವೋ ಎಂಬುದು ಬರೆದವರಿಗೇ ತಿಳಿಯುವುದಿಲ್ಲ.

ಬಿಡಿಸಿದ ಮಾದರಿ

a = 3i − 2j + 6k, b = 2i + 6j + 3k. ಮೊತ್ತ, ಬಿಂದು ಗುಣಲಬ್ಧ ಮತ್ತು ಕೋನ ಕಂಡುಹಿಡಿಯಿರಿ.

```
a + b = 5i + 4j + 9k
|a|² = 9 + 4 + 36 = 49,  |a| = 7
|b|² = 4 + 36 + 9 = 49,  |b| = 7
a·b = (3)(2) + (−2)(6) + (6)(3) = 6 − 12 + 18 = 12
cos θ = 12/49 = 0.245,  θ ≈ 75.8°
```

ತಾಳೆ: |a + b|² = |a|² + |b|² + 2(a·b) ಆಗಲೇಬೇಕು.

```
ಘಟಕಗಳಿಂದ: 25 + 16 + 81 = 122
ಸೂತ್ರದಿಂದ: 49 + 49 + 2(12) = 122
```

ಈ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು (−2)(6) ಎಂಬಲ್ಲಿ. ಋಣ ಚಿಹ್ನೆ ಬಿಟ್ಟರೆ a·b = 36 ಆಗಿ, ಕೋನ 42.7° ಬರುತ್ತದೆ. ನೋಡಲು ಅದೂ ಸರಿಯಾದ ಉತ್ತರದಂತೆಯೇ ಇರುತ್ತದೆ. ಆದರೆ ಸೂತ್ರದಲ್ಲಿ 98 + 72 = 170 ಬರುತ್ತದೆ, ಘಟಕಗಳಲ್ಲಿ 122. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಒಂದು ಎಚ್ಚರಿಕೆ: ಮೊತ್ತವನ್ನು ಮೂಲ ಘಟಕಗಳಿಂದಲೇ ಹೊಸದಾಗಿ ಕೂಡಿಸಿ.

ಪ್ರಶ್ನೆಗಳು

1. (8 ಅಂಕ) ಆನೆಗೊಂದಿ ಬಳಿ ತುಂಗಭದ್ರೆಯ ದಕ್ಷಿಣ ದಡದಿಂದ ಉತ್ತರ ದಡಕ್ಕೆ ಹರಿಗೋಲು ಹೊರಡುತ್ತದೆ. ಹೊಳೆ ಪೂರ್ವಕ್ಕೆ 0.5 ಮೀ/ಸೆ ವೇಗದಲ್ಲಿ ಹರಿಯುತ್ತಿದೆ, ಅಗಲ 240 ಮೀ ಎಂದುಕೊಳ್ಳಿ. ನಿಂತ ನೀರಲ್ಲಿ ಹರಿಗೋಲಿನ ವೇಗ 1.2 ಮೀ/ಸೆ. ಪೂರ್ವಕ್ಕೆ i, ಉತ್ತರಕ್ಕೆ j.

(ಅ) ಅಂಬಿಗರು ನೇರ ಉತ್ತರಕ್ಕೆ ಹುಟ್ಟು ಹಾಕಿದರೆ ಫಲಿತ ವೇಗ ಎಷ್ಟು? ಅದು ಉತ್ತರದಿಂದ ಎಷ್ಟು ಕೋನ ಸರಿದಿದೆ? ಹರಿಗೋಲು ಎಷ್ಟು ದೂರ ಕೆಳಕ್ಕೆ ಹೋಗಿ ದಡ ಸೇರುತ್ತದೆ?

(ಆ) ಸೆಳವಿನ ದಿಕ್ಕಿಗೆ 120° ಕೋನದಲ್ಲಿ ಹುಟ್ಟು ಹಾಕಿದರೆ ಫಲಿತ ವೇಗ ಎಷ್ಟು? ಎಲ್ಲಿ ದಡ ಸೇರುತ್ತದೆ?

2. (4 ಅಂಕ) ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ಹೇರಿದ ಕೈಗಾಡಿಯನ್ನು ನೆಲಕ್ಕೆ 30° ಕೋನದ ಹಗ್ಗದಿಂದ 200 ನ್ಯೂಟನ್ ಬಲ ಹಾಕಿ ಸಮನೆಲದ ಮೇಲೆ 15 ಮೀ ಎಳೆದರು. ಆ ಬಲ ಮಾಡಿದ ಕೆಲಸ ಎಷ್ಟು?

3. (4 ಅಂಕ) 2i + λj + k ಮತ್ತು i − 2j + 3k ಪರಸ್ಪರ ಲಂಬವಾಗಿದ್ದರೆ λ ಎಷ್ಟು?

4. (4 ಅಂಕ) A(1,0,0), B(0,1,0), C(0,0,1) ಶೃಂಗಗಳಿರುವ ತ್ರಿಭುಜದಲ್ಲಿ B ಕೋನ ಎಷ್ಟು?

ಉತ್ತರ ಮತ್ತು ತಾಳೆ (ಬಿಡಿಸಿದ ಮೇಲೆ ನೋಡಿ)

1 (ಅ) ಫಲಿತ r = 0.5i + 1.2j. |r| = √(0.25 + 1.44) = 1.3 ಮೀ/ಸೆ. tan θ = 0.5/1.2, θ ≈ 22.6°. ತಾಳೆ: r·j = 1.2, ಆದ್ದರಿಂದ cos θ = 1.2/1.3 = 0.923, ಅದೇ 22.6°. ದಾಟಲು 240/1.2 = 200 ಸೆಕೆಂಡು; ಕೆಳಕ್ಕೆ 0.5 × 200 = 100 ಮೀ. ಇಲ್ಲಿ 240ನ್ನು 1.3ರಿಂದ ಭಾಗಿಸಬೇಡಿ. ಹೊಳೆ ದಾಟಿಸುವುದು ಉತ್ತರದ ಘಟಕ ಮಾತ್ರ.

(ಆ) ಹರಿಗೋಲಿನ ಘಟಕಗಳು:

```
1.2 cos 120° = −0.6
1.2 sin 120° = 1.039
r = (0.5 − 0.6)i + 1.039j = −0.1i + 1.039j
|r|² = 0.01 + 1.08 = 1.09,  |r| ≈ 1.04 ಮೀ/ಸೆ
```

ಸಮಾಂತರ ಚತುರ್ಭುಜ ನಿಯಮದಿಂದ: 0.25 + 1.44 + 2(0.5)(1.2)(−0.5) = 1.09. ಸರಿಯಾಯಿತು. 2.29 ಬಂದಿದ್ದರೆ ಕಾರಣ ಇದು: ತ್ರಿಭುಜದ ಕೊಸೈನ್ ನಿಯಮದ ಋಣ ಚಿಹ್ನೆಯನ್ನು ಹಾಗೇ ಇಟ್ಟು, ಕೋನವನ್ನು ಮಾತ್ರ 120° ಹಾಕಿದ್ದೀರಿ. ಬಾಲಕ್ಕೆ ಬಾಲ ಸೇರಿಸಿದಾಗಿನ ಕೋನ 120°. ತಲೆಗೆ ಬಾಲ ಸೇರಿಸಿದ ತ್ರಿಭುಜದ ಒಳಗಿನದು 60°. ಚಿತ್ರ ಬರೆದೇ ಶುರು ಮಾಡಿ. i ಘಟಕ ಋಣವಾದ್ದರಿಂದ ಹರಿಗೋಲು ಹೊರಟ ಜಾಗದ ಎದುರಿಗಿಂತ ಮೇಲಕ್ಕೆ, ಪಶ್ಚಿಮಕ್ಕೆ ಸೇರುತ್ತದೆ: 231 ಸೆಕೆಂಡಿನಲ್ಲಿ ಸುಮಾರು 23 ಮೀ.

2. 200 × 15 × cos 30° = 2598 ಜೂಲ್. ತಾಳೆ: (173.2i + 100j)·(15i) = 2598. ಮೇಲ್ಮುಖದ 100 ನ್ಯೂಟನ್ ಚಲನೆಗೆ ಲಂಬ, ಅದರ ಕೆಲಸ ಸೊನ್ನೆ.

3. 2 − 2λ + 3 = 0, λ = 5/2. ತಾಳೆ: ಲಂಬವಾಗಿದ್ದರೆ ಮೊತ್ತ, ವ್ಯತ್ಯಾಸಗಳ ಪರಿಮಾಣ ಒಂದೇ. ಮೊತ್ತ (3, 0.5, 4): 25.25. ವ್ಯತ್ಯಾಸ (1, 4.5, −2): 25.25.

4. BA = i − j, BC = −j + k. BA·BC = 1, cos B = 1/(√2·√2) = 1/2, B = 60°. 120° ಬಂದವರು BA ಬದಲು AB ತೆಗೆದುಕೊಂಡಿದ್ದಾರೆ. ಎರಡೂ ಸದಿಶಗಳು B ಯಿಂದಲೇ ಹೊರಡಬೇಕು. ತಾಳೆ: ಮೂರೂ ಬಾಹು √2, ಸಮಬಾಹು ತ್ರಿಭುಜ.