ಬ್ಯಾಂಕ್ ಕ್ಲರ್ಕ್ ಪರೀಕ್ಷೆ: ದಿನಕ್ಕೆ 3 ಗಂಟೆ ಮಾತ್ರ ಸಿಗುವವರ ಪ್ಲಾನ್

[ನೇರ ಕ್ಯಾಮೆರಾ, ಹಿಂದೆ ವೈಟ್‌ಬೋರ್ಡ್]

ನಮಸ್ಕಾರ. ಬೆಳಗ್ಗೆ 4ಕ್ಕೆ ಏಳಿ, ಫೋನ್ ಬಿಸಾಕಿ, 14 ಗಂಟೆ ಓದಿ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ಇದು ಅದಲ್ಲ. ಮದ್ದೂರಿನ ಹಳ್ಳಿಯಲ್ಲಿ ಡೈರಿಗೆ ಹಾಲು ಹಾಕಿ ಬಂದು ಪುಸ್ತಕ ತೆಗೆಯುವವರು, ದಿನಾ ಮಂಡ್ಯದಿಂದ ಟ್ರೈನ್ ಹತ್ತಿ ಬಂದು ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ರಾತ್ರಿವರೆಗೂ ನಿಂತೇ ಇರುವವರು, ಇವರೆಲ್ಲ 14 ಗಂಟೆ ಎಲ್ಲಿಂದ ತರಬೇಕು? 3 ಗಂಟೆ ಸಿಕ್ಕರೆ ದೊಡ್ಡದು. ಆ 3 ಗಂಟೆಗೇ ಲೆಕ್ಕ ಹಾಕೋಣ.

[ಬೋರ್ಡ್: 30 + 35 + 35]

ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್. ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35. ಒಂದೊಂದಕ್ಕೂ 20 ನಿಮಿಷ, ಇದರಲ್ಲಿ ಉಳಿದ ಟೈಮ್ ಅದಕ್ಕೆ ಹಾಕಿಕೊಳ್ಳುವ ಹಾಗಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಆದರೆ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ, ಅದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕ್ಲರ್ಕ್‌ಗೆ ಇಂಟರ್ವ್ಯೂ ಇಲ್ಲ. ಕೊನೆಗೆ ಲೆಕ್ಕಕ್ಕೆ ಬರುವುದು ಮೇನ್ಸ್ ಅಂಕ ಮಾತ್ರ, ಪ್ರಿಲಿಮ್ಸ್ ಬರೀ ಬಾಗಿಲು.

4 ತಿಂಗಳಿದೆ ಅಂದುಕೊಳ್ಳಿ. ಮೊದಲ 2 ತಿಂಗಳು ಬೆಳಗ್ಗೆ 1 ಗಂಟೆ ಗಣಿತ. 25ರವರೆಗೆ ಮಗ್ಗಿ, 30ರವರೆಗೆ ವರ್ಗ, ಭಿನ್ನರಾಶಿಯಿಂದ ಶೇಕಡಾ ಬಾಯಿಗೆ ಬರಬೇಕು. ಸಿಂಪ್ಲಿಫಿಕೇಶನ್, ನಂಬರ್ ಸೀರೀಸ್ ಕೈ ಹತ್ತಿದ ಮೇಲೆ ಡಿಐ, ಅಂದರೆ ಟೇಬಲ್, ಗ್ರಾಫ್ ನೋಡಿ ಮಾಡುವ ಲೆಕ್ಕ. ಟ್ರೈನಲ್ಲೋ ಬಸ್ಸಲ್ಲೋ ಹೋಗುವ ಹೊತ್ತು ಇಂಗ್ಲಿಷಿಗೆ: ಪೇಪರ್‌ನ ಒಂದೇ ಒಂದು ಲೇಖನ, ಪೂರ್ತಿ. ನಿಂತುಕೊಂಡೇ ಹೋಗುವವರು ಸುಮ್ನೆ ಬ್ಯಾಂಕಿಂಗ್ ಸುದ್ದಿ ಕೇಳಿಸಿಕೊಳ್ಳಿ, ಅದು ಮೇನ್ಸ್‌ಗೆ ಆಗುತ್ತದೆ. ರಾತ್ರಿ 1 ಗಂಟೆ ಹೊತ್ತು ರೀಸನಿಂಗ್, ಅದರಲ್ಲೂ ದಿನಕ್ಕೆ 3 ಪಜಲ್. ಸುಸ್ತಾಗಿದ್ದರೆ ಸಿಲಾಜಿಸಂ, ಇನ್‌ಈಕ್ವಾಲಿಟಿ ಮಾಡಿ ಮಲಗಿ.

3ನೇ ತಿಂಗಳಿಂದ ವಾರಕ್ಕೆ 2 ಮಾಕ್ ಟೆಸ್ಟ್. ಮಾಕ್ ಬರೆಯಲು 1 ಗಂಟೆ, ತಪ್ಪು ನೋಡಲು 2 ಗಂಟೆ. ಎಲ್ಲರೂ ಉಲ್ಟಾ ಮಾಡುತ್ತಾರೆ, ಸ್ಕೋರ್ ನೋಡಿ ಗ್ರೂಪಿಗೆ ಹಾಕಿ ಮುಂದಿನ ಮಾಕ್‌ಗೆ ಹೋಗುತ್ತಾರೆ. ಅದು ಓದು ಅಲ್ಲ, ಹರಟೆ.

[ಬೋರ್ಡ್: 80 − 12, 75 − 5]

ಇದನ್ನು ಸರಿಯಾಗಿ ನೋಡಿ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಒಬ್ಬರು 80 ಪ್ರಶ್ನೆ ಮುಟ್ಟಿ 12 ತಪ್ಪು ಮಾಡಿದರು, ಸಿಕ್ಕಿದ್ದು 65. ಇನ್ನೊಬ್ಬರು 75 ಮುಟ್ಟಿ 5 ತಪ್ಪು ಮಾಡಿದರು, 68.75. ಕಡಿಮೆ ಮುಟ್ಟಿದವರೇ ಮುಂದೆ. ಈ ಪರೀಕ್ಷೆಯಲ್ಲಿ ಬಿಡುವುದು ಒಂದು ವಿದ್ಯೆ. ಸೀಟಿಂಗ್ ಅರೇಂಜ್‌ಮೆಂಟ್ 2 ನಿಮಿಷಕ್ಕೆ ಕೂಡಲಿಲ್ಲವಾ, ಬಿಟ್ಟು ನಡೀರಿ. ಅದರ ಜೊತೆ ಜಗಳಕ್ಕೆ ನಿಂತು ಆರೇಳು ನಿಮಿಷ ಕಳೆದರೆ ಪಕ್ಕದಲ್ಲಿದ್ದ ಸುಲಭದ 10 ಪ್ರಶ್ನೆ ಕೈತಪ್ಪುತ್ತವೆ.

ಈಗ ರಿಸಲ್ಟ್ ದಿನ. ಆಗಲಿಲ್ಲ. ಹೊಟ್ಟೆ ಉರಿಯುತ್ತದೆ, ಉರಿಯಲಿ ಬಿಡಿ, 2 ದಿನ ಪುಸ್ತಕ ಮುಟ್ಟಬೇಡಿ. ಆಮೇಲೆ ಸ್ಕೋರ್ ಕಾರ್ಡ್ ತೆಗೆಯಿರಿ. ಐಬಿಪಿಎಸ್‌ನಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಕಟಾಫ್ ಇದೆ, ಹಾಗಾಗಿ ಒಟ್ಟು ಅಂಕ ಚೆನ್ನಾಗಿದ್ದೂ ಇಂಗ್ಲಿಷಿನಲ್ಲಿ ಜಾರಿ ಬಿದ್ದವರು ಇದ್ದಾರೆ. ಅಂಥವರು ಇಡೀ ಸಿಲಬಸ್ ಮೊದಲಿಂದ ಶುರು ಮಾಡುವುದು ದಂಡ. ಆ ಒಂದು ವಿಭಾಗಕ್ಕೆ 6 ವಾರ ಕೊಡಿ, ಉಳಿದವು ತುಕ್ಕು ಹಿಡಿಯದ ಹಾಗೆ ನೋಡಿಕೊಂಡರೆ ಸಾಕು. ಇಂಗ್ಲಿಷೇ ಏಳುತ್ತಿಲ್ಲ ಅನ್ನುವವರು ಗ್ರಾಮೀಣ ಬ್ಯಾಂಕ್ ಆಫೀಸ್ ಅಸಿಸ್ಟೆಂಟ್ ಪರೀಕ್ಷೆಗೂ ಅರ್ಜಿ ಹಾಕಿ: ಅದರ ಪ್ರಿಲಿಮ್ಸ್‌ನಲ್ಲಿ ರೀಸನಿಂಗ್ ಮತ್ತು ಗಣಿತ ಎರಡೇ, ಇಂಗ್ಲಿಷ್ ಇಲ್ಲ.

ಇನ್ನು ಮದುವೆ ಮನೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು "ಏನಪ್ಪಾ, ಇನ್ನೂ ಆಗ್ಲಿಲ್ವಾ ನಿಂದು?" ಅಂತ ಕೇಳುವ ಮಾವ ಎಲ್ಲರಿಗೂ ಒಬ್ಬರಿರುತ್ತಾರೆ ಅಲ್ವಾ. "ಓದ್ತಾ ಇದೀನಿ ಮಾವ, ಮುಂದಿನದು ಬರೀತೀನಿ" ಅಷ್ಟೇ ಹೇಳಿ, ಪಾಯಸ ಹಾಕಿಸಿಕೊಳ್ಳಿ. ವಿವರ ಕೊಡಲು ಹೋಗಬೇಡಿ. ಆದರೆ ಅಪ್ಪ ಅಮ್ಮನ ವಿಷಯ ಬೇರೆ. ಅವರ ಹತ್ತಿರ ಕೂತು ಇನ್ನೆಷ್ಟು ಸಮಯ ಕೊಡುತ್ತೀರಿ, ಆಗದಿದ್ದರೆ ಏನು ಮಾಡುತ್ತೀರಿ ಅಂತ ಬಾಯಿಬಿಟ್ಟು ಹೇಳಿ. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 28, ಒಬಿಸಿಗೆ 3 ವರ್ಷ, ಎಸ್‌ಸಿ, ಎಸ್‌ಟಿಗೆ 5 ವರ್ಷ ಸಡಿಲಿಕೆ. ಆ ಅಂಚಿನವರೆಗೂ ಬೇರೇನೂ ಮಾಡದೆ ಕೂರಬೇಕು ಅಂತೇನಿಲ್ಲ. ಕೆಲಸ ಮಾಡುತ್ತಾ ಬರೆಯುವುದು ನಿಧಾನ ನಿಜ, ಆದರೆ ಕೈಯಲ್ಲಿ ನಾಲ್ಕು ಕಾಸಿದ್ದರೆ ಪರೀಕ್ಷೆಯ ಹಾಲ್‌ನಲ್ಲಿ ಕೈ ಜಾಸ್ತಿ ನಡುಗುವುದಿಲ್ಲ.

[ಬೋರ್ಡ್ ಒರೆಸುತ್ತಾ]

ಇವತ್ತು ರಾತ್ರಿ ಒಂದು ಮಾಕ್ ಬರೆಯಿರಿ. ಬಿಡಬೇಕಾಗಿದ್ದು ಯಾವ ಪ್ರಶ್ನೆ, ಬಿಡದೆ ಎಷ್ಟು ನಿಮಿಷ ಹೋಯಿತು, ಕೆಳಗೆ ಕಾಮೆಂಟಿನಲ್ಲಿ ಹಾಕಿ. ಭಾನುವಾರದ ವಿಡಿಯೋದಲ್ಲಿ ಅವುಗಳಲ್ಲೇ 5 ತೆಗೆದುಕೊಂಡು ಬೋರ್ಡ್ ಮೇಲೆ ಬಿಡಿಸೋಣ.