ವಿಷಯ: ಅತಿಥಿ ಉಪನ್ಯಾಸದ ಗೌರವಧನ ಪಾವತಿ ಬಗ್ಗೆ

ಬೀದರ್
24 ನವೆಂಬರ್ 2025

ಮಾನ್ಯ ಮೇಡಂ ಅವರಿಗೆ,

ನಮಸ್ಕಾರ. ನವೆಂಬರ್ 14ರಂದು ನಮ್ಮ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಬೀದರಿನ ಕರೇಜ್ ಮತ್ತು ಮಹಮೂದ್ ಗವಾನ್ ಮದರಸಾ ಕುರಿತು ನೀವು ಕೊಟ್ಟ ಉಪನ್ಯಾಸದ ಗೌರವಧನ ಮಂಜೂರಾಗಿದೆ. ನವೆಂಬರ್ 28, ಶುಕ್ರವಾರದ ಒಳಗೆ 9,880 ರೂಪಾಯಿ ನಿಮ್ಮ ಖಾತೆಗೆ ಜಮೆ ಆಗುತ್ತದೆ.

ಮಂಜೂರಾದದ್ದು 15,000, ಕೈಗೆ ಬರುವುದು ಇಷ್ಟೇನಾ ಅಂತ ನಿಮಗೆ ಅನಿಸುವುದು ಸಹಜ. ಆಗಸ್ಟಿನಲ್ಲಿ ನೀವು ನಡೆಸಿಕೊಟ್ಟ ಐದು ದಿನದ ಕಾರ್ಯಾಗಾರಕ್ಕೆ 40,000 ರೂಪಾಯಿ ಪೂರ್ತಿ ಕೊಟ್ಟಿದ್ದೆವು. ಆಗ ಟಿಡಿಎಸ್ ಹಿಡಿದಿರಲಿಲ್ಲ, ಹಿಡಿಯುವ ಅಗತ್ಯವೂ ಇರಲಿಲ್ಲ. ನಾವು ಈ ಗೌರವಧನವನ್ನು ಆದಾಯ ತೆರಿಗೆಯ 194ಜೆ ಕಲಂ ಅಡಿ ಲೆಕ್ಕಕ್ಕೆ ತಗೊಂಡಿದ್ದೇವೆ. ಒಂದು ಹಣಕಾಸು ವರ್ಷದಲ್ಲಿ ಒಬ್ಬರಿಗೆ ಕೊಟ್ಟದ್ದು 50,000 ದಾಟಿದರೆ ಶೇ. 10ರಷ್ಟು ಹಿಡಿಯಲೇಬೇಕು. ದಾಟಿದ ಮೇಲಿನ 5,000ಕ್ಕೆ ಮಾತ್ರ ಅಲ್ಲ, ವರ್ಷದ ಮೊದಲಿನಿಂದ ಕೊಟ್ಟ ಒಟ್ಟು ಮೊತ್ತಕ್ಕೆ. ಜಾಸ್ತಿ ಜನ ಎಡವುವುದು ಇಲ್ಲೇ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಈಗಿನ ಗೌರವಧನ: ₹15,000
ಈ ವರ್ಷದ ಒಟ್ಟು (40,000 + 15,000): ₹55,000
ಟಿಡಿಎಸ್, ಶೇ. 10: ₹5,500
ಉಳಿದ ಗೌರವಧನ: ₹9,500
ಬಸ್ ಮತ್ತು ಆಟೊ ಖರ್ಚು, ನೀವು ಕೊಟ್ಟ ಟಿಕೆಟ್ ಪ್ರಕಾರ: ₹380
ಖಾತೆಗೆ ಬರುವುದು: ₹9,880

ಕಲಬುರಗಿಯಿಂದ ಹೋಗಿ ಬಂದ ಖರ್ಚಿನ ಮೇಲೆ ತೆರಿಗೆ ಹಿಡಿದಿಲ್ಲ. ಟಿಕೆಟ್ ಜೋಪಾನ ಮಾಡಿ ಕೊಟ್ಟದ್ದು ಒಳ್ಳೆಯದಾಯಿತು.

ಹಣ ಎನ್‌ಇಎಫ್‌ಟಿ ಮೂಲಕ, 4471ಕ್ಕೆ ಮುಗಿಯುವ ನಿಮ್ಮ ಉಳಿತಾಯ ಖಾತೆಗೆ ಬರುತ್ತದೆ. ಆಗಸ್ಟಿನಲ್ಲಿ ಹಾಕಿದ್ದೂ ಅದೇ ಖಾತೆಗೆ. ಖಾತೆ ಬದಲಾಗಿದ್ದರೆ ನವೆಂಬರ್ 26ರ ಸಂಜೆಯೊಳಗೆ ತಿಳಿಸಿ. ಆಮೇಲೆ ಬ್ಯಾಂಕಿಗೆ ಪಟ್ಟಿ ಹೋಗಿರುತ್ತದೆ, ತಿದ್ದುವುದು ಕಷ್ಟ. ಡಿಸೆಂಬರ್ 1ರ ತನಕವೂ ಜಮೆ ಆಗದಿದ್ದರೆ ಇದೇ ಪತ್ರಕ್ಕೆ ಉತ್ತರ ಬರೆಯಿರಿ, ಯುಟಿಆರ್ ಸಂಖ್ಯೆ ಕಳಿಸುತ್ತೇವೆ.

ಹಿಡಿದ 5,500 ರೂಪಾಯಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಡಿಸೆಂಬರ್ 7ರೊಳಗೆ ಸರ್ಕಾರಕ್ಕೆ ಕಟ್ಟುತ್ತೇವೆ. ನಮ್ಮ ತ್ರೈಮಾಸಿಕ ವಿವರ ಸಲ್ಲಿಸಿದ ನಂತರ ಅದು ನಿಮ್ಮ 26ಎಎಸ್‌ನಲ್ಲಿ ಕಾಣುತ್ತದೆ. ಫಾರ್ಮ್ 16ಎ ಫೆಬ್ರವರಿ 15ರೊಳಗೆ ಕಳಿಸುತ್ತೇವೆ. ರಿಟರ್ನ್ ಹಾಕುವಾಗ 55,000 ಪೂರ್ತಿ ಆದಾಯದಲ್ಲಿ ತೋರಿಸಿ, ಸುಮ್ನೆ 15,000 ಅಂತ ಬರೆದರೆ ಲೆಕ್ಕ ತಾಳೆ ಆಗುವುದಿಲ್ಲ. ನಿಮ್ಮ ವರ್ಷದ ತೆರಿಗೆ ಇದಕ್ಕಿಂತ ಕಡಿಮೆ ಬಂದರೆ ಉಳಿದದ್ದು ವಾಪಸ್ ಸಿಗುತ್ತದೆ.

ಒಂದು ರಸೀದಿಯನ್ನು ಜೊತೆಗಿಟ್ಟಿದ್ದೇವೆ. ಸಹಿ ಮಾಡಿ, ಫೋಟೊ ತೆಗೆದು ಕಳಿಸಿದರೆ ಸಾಕು, ಅಂಚೆ ಬೇಡ.

ಉಪನ್ಯಾಸ ಮುಗಿದ ಮೇಲೆ ನಮ್ಮ ಹುಡುಗರು ಕರೇಜ್ ನೋಡಲು ಕರೆದುಕೊಂಡು ಹೋಗಿ ಅಂತ ವಿಭಾಗದವರ ಬೆನ್ನು ಬಿದ್ದಿದ್ದಾರೆ. ಅದರ ಖರ್ಚಿನ ಕಡತವೂ ಈಗ ನಮ್ಮ ಮೇಜಿಗೇ ಬಂದಿದೆ!

ಇಂತಿ ನಿಮ್ಮ ವಿಶ್ವಾಸಿ,
ಲೆಕ್ಕ ವಿಭಾಗದ ಅಧೀಕ್ಷಕರು
ಪದವಿ ಕಾಲೇಜು, ಬೀದರ್

ಪ್ರತಿ: ಇತಿಹಾಸ ವಿಭಾಗದ ಮುಖ್ಯಸ್ಥರಿಗೆ